ಊರ ಹಬ್ಬದ ವೇದಿಕೆ: ಎರಡು ಕಲಾಪ್ರದರ್ಶನಗಳ ನಡುವಿನ ನಿರೂಪಣೆಯನ್ನು ಬರೆದುಕೊಳ್ಳುವ ಬಗೆ

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ:

ರಾಜ್ಯೋತ್ಸವ, ಊರ ಹಬ್ಬ, ಜಾತ್ರೆ ಮುಂತಾದ ಸಂದರ್ಭಗಳಲ್ಲಿ ಪಂಚಾಯಿತಿ ವತಿಯಿಂದ ಸಾಂಸ್ಕೃತಿಕ ಸಂಜೆಗಳನ್ನು ಏರ್ಪಡಿಸುವಾಗ ಕಲಾತಂಡಗಳ ಆಯ್ಕೆ, ಶಾಮಿಯಾನ, ಧ್ವನಿವರ್ಧಕ, ಊಟ ಇವೆಲ್ಲವೂ ಸಭೆಯ ನಡವಳಿಯಲ್ಲಿ ದಾಖಲಾಗುತ್ತವೆ. ನಿರೂಪಣೆಯೊಂದು ಮಾತ್ರ ಕಾರ್ಯಕ್ರಮದ ದಿನ ಸಂಜೆಯವರೆಗೂ ಯಾರ ಕೈಗೂ ಸೇರದೆ ಉಳಿಯುತ್ತದೆ. ಕೊನೆಯ ಗಳಿಗೆಯಲ್ಲಿ ಮಾತುಬಲ್ಲ ಶಿಕ್ಷಕರೊಬ್ಬರನ್ನೋ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳನ್ನೋ ಕರೆದು ಧ್ವನಿವರ್ಧಕ ಕೊಡುವುದು ವಾಡಿಕೆ. ಅವರು ತೋಚಿದ್ದನ್ನು ಆಡುತ್ತಾರೆ. ಅದರ ಬೆಲೆಯನ್ನು ತೆರುವವರು ಪಟ್ಟಿಯ ಕೊನೆಯಲ್ಲಿರುವ ಕಲಾವಿದರು.

ಇದನ್ನು ನನ್ನದೇ ತಪ್ಪಿನಿಂದ ಕಲಿತೆ. ಹಲವು ವರ್ಷಗಳ ಹಿಂದೆ ಒಂದು ಊರಿನ ಹಬ್ಬದಲ್ಲಿ ನಿರೂಪಣೆ ನನ್ನ ಪಾಲಿಗೆ ಬಂದಿತ್ತು. ಪ್ರತಿಯೊಂದು ತಂಡಕ್ಕೂ ನಾಲ್ಕೈದು ನಿಮಿಷ ಪೀಠಿಕೆ ಹಾಕಿದೆ, ಜನರು ಚಪ್ಪಾಳೆ ತಟ್ಟಿದರು, ನಾನು ಹಿಗ್ಗಿದೆ. ಪಟ್ಟಿಯ ಕೊನೆಯಲ್ಲಿದ್ದುದು ಪಕ್ಕದ ಊರಿನಿಂದ ಬಂದಿದ್ದ ಮೂವರು ಹಿರಿಯರ ತತ್ವಪದ ಗಾಯನ. ಅವರ ಸರದಿ ಬರುವ ಹೊತ್ತಿಗೆ ರಾತ್ರಿ ಹತ್ತಕ್ಕೆ ಐದೇ ನಿಮಿಷ ಉಳಿದಿತ್ತು. ಸಂಘಟಕರು ಧ್ವನಿವರ್ಧಕ ಆರಿಸುವಂತೆ ಸನ್ನೆ ಮಾಡಿದರು. ಆ ಹಿರಿಯರಲ್ಲಿ ಒಬ್ಬರು ಏಕತಾರಿಯನ್ನು ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಾ, "ಇರ್ಲಿ ಬುಡಿ ಸ್ವಾಮಿ, ಮುಂದಿನ ವರ್ಷ ಆಯ್ತದೆ" ಎಂದರು. ಅಂದು ನಾನಾಡಿದ ಮಾತುಗಳನ್ನೆಲ್ಲ ಕೂಡಿಸಿದರೆ ಅವರ ಎರಡು ಪದಗಳಿಗೆ ಸಾಕಾಗುವಷ್ಟು ಸಮಯವಿತ್ತು.

ರಾತ್ರಿ ಹತ್ತು ಗಂಟೆ ಎಂಬ ಗಡಿ ನಮ್ಮ ಇಷ್ಟಾನಿಷ್ಟಕ್ಕೆ ಬಿಟ್ಟದ್ದಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳ ಪ್ರಕಾರ ತೆರೆದ ಸ್ಥಳದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ ಹದಿನೈದು ದಿನಗಳಿಗೆ ಮೀರದಂತೆ ಸಾಂಸ್ಕೃತಿಕ ಅಥವಾ ಧಾರ್ಮಿಕ ಉತ್ಸವಗಳಿಗೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆಯಾದರೂ, ಅಂತಹ ಆದೇಶ ಕೈಯಲ್ಲಿಲ್ಲದಿದ್ದರೆ ಹತ್ತೇ ಕೊನೆ. ಆದುದರಿಂದ ನಿರೂಪಣೆಯ ಬರಹ ಆರಂಭವಾಗಬೇಕಾದುದು ಅಲಂಕಾರದ ಮಾತಿನಿಂದಲ್ಲ, ಗಡಿಯಾರದ ಲೆಕ್ಕದಿಂದ.

ಹಳೆಯ ಮೈಸೂರು ಸೀಮೆಯ ಒಂದು ಪಂಚಾಯಿತಿಯ ಸಂಜೆಯನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಏಳಕ್ಕೆ ಆರಂಭ, 9.45ಕ್ಕೆ ಮುಕ್ತಾಯ. ಒಟ್ಟು 165 ನಿಮಿಷ. ನಾಡಗೀತೆಗೆ 3 ನಿಮಿಷ, ಸ್ವಾಗತ ಮತ್ತು ಅತಿಥಿಗಳ ಭಾಷಣಕ್ಕೆ 25, ಸನ್ಮಾನಕ್ಕೆ 15, ಶಾಲಾ ಮಕ್ಕಳ ನೃತ್ಯಕ್ಕೆ 10, ಸೋಬಾನೆ ಪದಗಳಿಗೆ 12, ತತ್ವಪದಕ್ಕೆ 20, ಕಂಸಾಳೆಗೆ 20, ತಮಟೆ ವಾದನ ಮತ್ತು ಪೂಜಾ ಕುಣಿತಕ್ಕೆ 35, ವಂದನಾರ್ಪಣೆಗೆ 5. ಇವು ಕೂಡಿ 145 ನಿಮಿಷಗಳಾಗುತ್ತವೆ. ಒಂಬತ್ತು ಕಲಾಪಗಳ ನಡುವೆ ಎಂಟು ಸಂದುಗಳಿವೆ. ಒಂದೊಂದು ಸಂದಿಗೂ ಎರಡು ನಿಮಿಷವೆಂದರೆ 16 ನಿಮಿಷ. ಕೈಯಲ್ಲಿ ಉಳಿಯುವುದು ನಾಲ್ಕು ನಿಮಿಷ ಮಾತ್ರ. ಅದೇ ಸಂದಿಗೆ ನಿರೂಪಕರು ನಾಲ್ಕು ನಿಮಿಷ ತೆಗೆದುಕೊಂಡರೆ 32 ನಿಮಿಷ ಬೇಕಾಗಿ ಕಾರ್ಯಕ್ರಮ 9.57ಕ್ಕೆ ಹೋಗಿ ನಿಲ್ಲುತ್ತದೆ. ಅತಿಥಿಯೊಬ್ಬರು ಐದು ನಿಮಿಷ ಹೆಚ್ಚು ಮಾತನಾಡಿದರೂ ಕೊನೆಯ ತಂಡಕ್ಕೆ ಕತ್ತರಿ ಬಿತ್ತೆಂದೇ ತಿಳಿಯಬೇಕು.

ಈ ಎರಡು ನಿಮಿಷ ಏಕೆ ಬೇಕು ಎಂಬುದನ್ನು ಅರಿತರೆ ಅದರಲ್ಲಿ ಏನು ಹೇಳಬೇಕೆಂಬುದೂ ತಿಳಿಯುತ್ತದೆ. ನಿರೂಪಕರು ಮಾತನಾಡುವಾಗ ಅವರ ಬೆನ್ನ ಹಿಂದೆ ಕೆಲಸ ನಡೆದಿರುತ್ತದೆ. ಸೋಬಾನೆಯ ಮಹಿಳೆಯರು ಕುಳಿತು ಹಾಡುವವರಾದುದರಿಂದ ಜಮಖಾನ ಹಾಸಬೇಕು, ಎರಡು ಧ್ವನಿವರ್ಧಕಗಳ ಕೋಲನ್ನು ತಗ್ಗಿಸಿ ಅವರ ಮುಂದಿಡಬೇಕು. ತತ್ವಪದದವರು ಏಕತಾರಿಯ ತಂತಿಯನ್ನು ಶ್ರುತಿಗೆ ತರಬೇಕು. ಕಂಸಾಳೆಗೆ ಇದಕ್ಕೆ ವಿರುದ್ಧ: ವೇದಿಕೆ ಪೂರ್ತಿ ಬರಿದಾಗಬೇಕು. ಬೀಸು ಕಂಸಾಳೆಯಲ್ಲಿ ಕಂಚಿನ ತಾಳ ದಾರದ ತುದಿಯಲ್ಲಿ ಗಾಳಿಯಲ್ಲಿ ತಿರುಗುತ್ತದೆ. ಅಡ್ಡ ನಿಂತ ಕೋಲಿಗೆ ತಗುಲಿದರೆ ತಾಳವೂ ಕೆಡುತ್ತದೆ, ಕೈಯೂ ಕೆಡುತ್ತದೆ. ಹೀಗೆ ಹಿಂದಿನ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುವುದೋ ಅಷ್ಟೇ ನಿರೂಪಣೆಯ ಅಳತೆ. ಕೆಲಸ ಮುಗಿದ ಮೇಲೂ ಮಾತು ಮುಂದುವರಿದರೆ ಸಿದ್ಧವಾಗಿ ನಿಂತ ಕಲಾವಿದರು ಕಾಯಬೇಕಾಗುತ್ತದೆ. ಮಾತು ಮೊದಲೇ ಮುಗಿದರೆ ಪ್ರೇಕ್ಷಕರು ಖಾಲಿ ವೇದಿಕೆಯನ್ನು ನೋಡುತ್ತಾ ಮನೆಯ ದಾರಿ ನೆನೆಯುತ್ತಾರೆ.

ಅತಿ ಎಚ್ಚರ ಬೇಕಾದುದು ತಮಟೆಯ ವಿಷಯದಲ್ಲಿ. ತಮಟೆಯ ಚರ್ಮ ತಂಪಿಗೆ ಸಡಿಲಗೊಳ್ಳುತ್ತದೆ. ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದಾಗ ಬಿಗಿಯಾಗಿ ಗಣಗಣಿಸುತ್ತದೆ. ನವೆಂಬರ್ ತಿಂಗಳ ಇಬ್ಬನಿಯಲ್ಲಿ ಆ ಬಿಗಿ ಬಹಳ ಹೊತ್ತು ನಿಲ್ಲುವುದಿಲ್ಲ. ಕಲಾವಿದರು ಕಾಯಿಸಿಕೊಂಡು ಬಂದು ನಿಂತ ಮೇಲೆ ನಿರೂಪಕರು ಐದು ನಿಮಿಷ ಜಾನಪದದ ಮಹಿಮೆ ಹೇಳತೊಡಗಿದರೆ ಮೊದಲ ಪೆಟ್ಟಿಗೇ ಸದ್ದು ಬಡಿಯುತ್ತದೆ. ಮತ್ತೆ ಬೆಂಕಿಯ ಬಳಿಗೆ ಓಡಬೇಕಾಗುತ್ತದೆ. ಜನರು ಇದನ್ನು ಕಲಾವಿದರ ದೋಷವೆಂದು ಭಾವಿಸುತ್ತಾರೆ. ಆದುದರಿಂದ ಕಂಸಾಳೆ ಮುಗಿಯಲು ಹತ್ತು ನಿಮಿಷವಿರುವಾಗಲೇ ತಮಟೆಯವರಿಗೆ ಸೂಚನೆ ಹೋಗಬೇಕು. ವೇದಿಕೆಯ ಹಿಂದೆ, ಶಾಮಿಯಾನಕ್ಕೆ ಕಿಡಿ ತಾಗದಷ್ಟು ದೂರದಲ್ಲಿ, ಬೆಂಕಿಗೆ ಜಾಗವನ್ನೂ ಪಕ್ಕದಲ್ಲಿ ಒಂದು ಕೊಡ ನೀರನ್ನೂ ಪಂಚಾಯಿತಿಯೇ ಗೊತ್ತುಮಾಡಿಡಬೇಕು. ಪೂಜಾ ಕುಣಿತದ್ದೂ ಇದೇ ಕಥೆ. ದೇವಿಯ ಮುಖವಿಟ್ಟು, ಸೀರೆಗಳಿಂದ ಸಿಂಗರಿಸಿದ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತವರು ಮಾತು ಮುಗಿಯಲೆಂದು ನಿಂತು ಕಾಯಲಾರರು. ಮಾತಿನ ಕೊನೆಯ ಪದ ಕೇಳಿದ ಮೇಲೆಯೇ ಅವರು ಪೂಜೆಯನ್ನು ಎತ್ತಬೇಕು.

ಇನ್ನು ಮಾತಿನ ವಿಷಯ. ನಮ್ಮ ವೇದಿಕೆಗಳಲ್ಲಿ ಪದೇ ಪದೇ ಕೇಳುವ ಒಂದು ಬಗೆ ಹೀಗಿದೆ: "ಕಲೆಗಳ ತವರೂರು, ಸಂಸ್ಕೃತಿಯ ಸಿರಿನಾಡು, ಇಂತಹ ನಾಡಿನ ಹೆಮ್ಮೆಯ ಪುತ್ರರು ಇದೀಗ ತಮ್ಮ ಅಮೋಘ ಕಲೆಯನ್ನು ತಮ್ಮೆಲ್ಲರ ಮುಂದೆ ಪ್ರದರ್ಶಿಸಲಿದ್ದಾರೆ." ಈ ವಾಕ್ಯದಲ್ಲಿ ತಪ್ಪೇನಿಲ್ಲ, ಆದರೆ ಇದನ್ನು ಕಂಸಾಳೆಗೂ ಹೇಳಬಹುದು, ಕೋಲಾಟಕ್ಕೂ ಹೇಳಬಹುದು, ಮ್ಯಾಜಿಕ್ ಪ್ರದರ್ಶನಕ್ಕೂ ಹೇಳಬಹುದು. ಬರೆದುಕೊಂಡ ವಾಕ್ಯವನ್ನು ಮತ್ತೊಂದು ತಂಡದ ಹೆಸರಿಟ್ಟು ಓದಿ ನೋಡಬೇಕು. ಆಗಲೂ ಹೊಂದಿಕೊಂಡರೆ ಅದನ್ನು ಹೊಡೆದುಹಾಕಬೇಕು. ಈ ಒಂದು ಪರೀಕ್ಷೆಯಿಂದ ಸಾಮಾನ್ಯವಾಗಿ ಅರ್ಧ ಬರಹ ಹೋಗುತ್ತದೆ.

ಉಳಿಯಬೇಕಾದುದು ಮೂರು ಸಂಗತಿ. ಈಗಷ್ಟೇ ಮುಗಿದುದರ ಒಂದು ನೆನಪು, ಮುಂದೆ ಬರುವುದರಲ್ಲಿ ಪ್ರೇಕ್ಷಕರು ಗಮನವಿಟ್ಟು ನೋಡಬೇಕಾದ ಒಂದೇ ಒಂದು ಗುರುತು, ಕೊನೆಗೆ ಕಲಾವಿದರ ಹೆಸರು ಮತ್ತು ಊರು. ಹೆಸರೇ ಕೊನೆಯಲ್ಲಿ ಬರಬೇಕು. ಅದರ ನಂತರ ಒಂದು ಪದವೂ ಬೇಡ. ಕೊನೆಯ ಪದ ಯಾವುದೆಂದು ತಂಡಕ್ಕೆ ಮೊದಲೇ ತಿಳಿಸಿದ್ದರೆ ಅದು ಬಾಯಿಂದ ಬಿದ್ದ ತಕ್ಷಣ ವಾದ್ಯ ಆರಂಭವಾಗುತ್ತದೆ. ಚಪ್ಪಾಳೆಯ ಅಲೆಯ ಮೇಲೇ ಕಲೆ ಏರುತ್ತದೆ.

ಮಕ್ಕಳ ನೃತ್ಯ ಮುಗಿದು ಸೋಬಾನೆ ಆರಂಭವಾಗುವ ಸಂದಿಗೆ ನಾವು ಬರೆದುಕೊಂಡ ಮಾತು ಹೀಗಿತ್ತು:

"ಮಕ್ಕಳು ಕುಣಿದ ಧೂಳು ಇನ್ನೂ ಇಳಿದಿಲ್ಲ, ಆಗಲೇ ವೇದಿಕೆಗೆ ಜಮಖಾನ ಬಂತು! ಯಾರಿಗಪ್ಪಾ ಇದು ಅಂತೀರಾ? ಈ ಊರಲ್ಲಿ ಹಸೆಮಣೆ ಏರಿದ ಹೆಣ್ಣುಮಕ್ಕಳು ಒಂದು ಸಲ ಕೈ ಎತ್ತಿ ನೋಡೋಣ. ನೋಡಿ, ನೋಡಿ, ಎಷ್ಟು ಕೈ! ನಿಮ್ಮಲ್ಲಿ ಎಷ್ಟೋ ಜನರನ್ನು ಹಸೆಗೆ ಕರೆದು ಹಾಡಿದ ಕಂಠಗಳು ಈಗ ಇಲ್ಲಿ ಕುಳಿತುಕೊಳ್ತಾ ಇವೆ. ಒಬ್ಬರು ಎತ್ತಿಕೊಡ್ತಾರೆ, ಉಳಿದವರು ಹಿಂದೆಯೇ ಹಿಡಿದುಕೊಳ್ತಾರೆ. ಆ ಹಿಡಿಯುವ ಜಾಗವನ್ನು ಕಿವಿಗೊಟ್ಟು ಕೇಳಿ. ಎಲ್ಲೂ ಉಸಿರು ಕಡಿಯೋದಿಲ್ಲ. ಹಾಡುವವರು..."

ಇದರ ಬಳಿಕ ಐವರ ಹೆಸರನ್ನೂ ಓದಬೇಕು. ಸೋಬಾನೆಯ ತಂಡವನ್ನು ಒಬ್ಬರ ಹೆಸರು ಹೇಳಿ "ಮತ್ತು ಸಂಗಡಿಗರು" ಎಂದು ಮುಗಿಸುವ ಅಭ್ಯಾಸ ಎಲ್ಲೆಡೆ ಇದೆ. ವೇದಿಕೆಯ ಮೇಲಿನ ಹನ್ನೊಂದು ಗಣ್ಯರ ಹೆಸರನ್ನು ಹುದ್ದೆಸಹಿತ ಪ್ರತಿಯೊಂದು ಸಂದಿಯಲ್ಲೂ ಓದುವ ನಾವು ಐದು ಹೆಣ್ಣುಮಕ್ಕಳ ಹೆಸರಿಗೆ ಹತ್ತು ಸೆಕೆಂಡು ಇಲ್ಲವೆನ್ನುವುದು ನ್ಯಾಯವಲ್ಲ. ಗಣ್ಯರ ಪಟ್ಟಿ ಸ್ವಾಗತ ಭಾಷಣದಲ್ಲಿ ಒಮ್ಮೆ ಬಂದರೆ ಸಾಕು. ಕೈ ಎತ್ತಿಸುವ ಮಾತನ್ನು ಬೇಕೆಂದೇ ಹಾಕಲಾಗಿದೆ: ಜಮಖಾನ ಹಾಸುವುದು ತಡವಾದರೆ ನಿರೂಪಕರು ಅಲ್ಲಿ ಒಂದೆರಡು ಮಾತು ಬೆಳೆಸಬಹುದು, ಬೇಗ ಮುಗಿದರೆ ಆ ಸಾಲನ್ನೇ ಬಿಡಬಹುದು. ಪ್ರತಿಯೊಂದು ಬರಹದಲ್ಲೂ ಹೀಗೆ ಹಿಗ್ಗಿಸುವ, ಕುಗ್ಗಿಸುವ ಒಂದು ಸಾಲಿರಲಿ. ಅದನ್ನು ಅಂಚಿನಲ್ಲಿ ಗುರುತು ಮಾಡಿಕೊಂಡಿರಲಿ.

ತತ್ವಪದದ ಮುನ್ನ ಧ್ವನಿ ಇಳಿಯಬೇಕು. ಉತ್ಸಾಹದಿಂದ ಕೂಗಿ ಪರಿಚಯಿಸಿದರೆ ಏಕತಾರಿಯ ಮೆಲುದನಿ ಕೇಳಿಸುವಷ್ಟು ಸಭೆ ತಣಿಯಲು ಒಂದು ಪೂರ್ತಿ ಪದವೇ ವ್ಯರ್ಥವಾಗುತ್ತದೆ. ನಮ್ಮ ಮಾತು ಇಷ್ಟೇ:

"ಸೋಬಾನೆ ಮದುವೆ ಮನೆಯ ಬಾಗಿಲಿಗೆ ನಿಂತಿತು. ಈಗ ಬರುವ ಪದ ಮನೆ ಮುಗಿದು, ಸಂತೆ ಮುಗಿದು, ಒಬ್ಬರೇ ಜಗಲಿಯ ಮೇಲೆ ಕುಳಿತಾಗ ಬರುವಂಥದ್ದು. ಒಂದೇ ತಂತಿ. ಆ ತಂತಿ ಈಗ ಶ್ರುತಿಗೆ ಬರ್ತಾ ಇದೆ, ಸ್ವಲ್ಪ ಸುಮ್ಮನಿದ್ದರೆ ನಿಮಗೂ ಕೇಳಿಸುತ್ತೆ..."

ಇಲ್ಲಿ ನಿರೂಪಕರು ನಿಜವಾಗಿಯೂ ಸುಮ್ಮನಾಗಬೇಕು. ಹತ್ತು ಸೆಕೆಂಡು ಸಾಕು. ತಂತಿ ಮೀಟುವ ಸದ್ದು ಸಭೆಯ ಕೊನೆಯವರೆಗೆ ಹೋದ ಮೇಲೆ ಹೆಸರುಗಳನ್ನು ಹೇಳಿ ಪಕ್ಕಕ್ಕೆ ಸರಿಯಬೇಕು. ಕಾಗದದಲ್ಲಿ "ಸುಮ್ಮನಿರು" ಎಂದು ದಪ್ಪಕ್ಷರದಲ್ಲಿ ಬರೆದುಕೊಳ್ಳದಿದ್ದರೆ ಯಾವ ನಿರೂಪಕರೂ ಸುಮ್ಮನಿರುವುದಿಲ್ಲ. ಧ್ವನಿವರ್ಧಕ ಹಿಡಿದವರಿಗೆ ಮೌನವೆಂದರೆ ಭಯ.

ಕಂಸಾಳೆಗೆ ಬಂದಾಗ ಮತ್ತೆ ಸ್ವರ ಏರುತ್ತದೆ. ಮಲೆ ಮಹದೇಶ್ವರನ ಭಕ್ತರು ವ್ರತವಾಗಿ ಪಡೆದ ವಾದ್ಯವಿದು. ಒಂದು ಕೈಯಲ್ಲಿ ಬಟ್ಟಲಿನಂತಹ ತಾಳ, ಇನ್ನೊಂದು ಕೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಮಹದೇಶ್ವರನ ಕಥೆಯನ್ನು ಹಾಡುವವರು ಅವರೇ ಆದುದರಿಂದ ನಿರೂಪಕರು ಆ ಕಥೆಯನ್ನು ಮುಂಚಿತವಾಗಿ ಹೇಳಿ ಮುಗಿಸಬಾರದು. ವೀರಗಾಸೆಗೂ ಇದೇ ಮಾತು ಅನ್ವಯಿಸುತ್ತದೆ; ದಕ್ಷಯಜ್ಞದ ಕಥೆಯನ್ನು ಒಡಪು ಹೇಳುವವರ ಬಾಯಿಂದ ಕಸಿದುಕೊಂಡರೆ ಅವರಿಗೆ ಉಳಿಯುವುದೇನು? ದೇವರ ಹೆಸರಿನ ಜಯಘೋಷವನ್ನೂ ಅವರಿಗೇ ಬಿಡಬೇಕು. ನಮ್ಮ ಬರಹ:

"ಒಂದು ತಂತಿಯಿಂದ ಕಂಚಿಗೆ ಹೋಗೋಣ. ಮುಂದಿನ ಸಾಲಿನ ಮಕ್ಕಳೇ, ಒಂದು ಕೆಲಸ: ಕಲಾವಿದರ ಬಲಗೈ ನೋಡಿ. ದಾರದ ತುದಿಯ ತಾಳ ತಲೆಯ ಸುತ್ತ, ಬೆನ್ನ ಹಿಂದೆ, ಮಂಡಿಯ ಕೆಳಗೆ ಹೋಗಿ ಬಂದು ಬಟ್ಟಲಿಗೆ ಬೀಳುತ್ತೆ. ಬಿದ್ದದ್ದು ಕಣ್ಣಿಗೆ ಕಾಣೋದಿಲ್ಲ, ಕಿವಿಗೆ ಕೇಳುತ್ತೆ. ಎಷ್ಟು ಸಲ ತಪ್ಪುತ್ತೆ ಅಂತ ಎಣಿಸಿ ನನಗೆ ಹೇಳಿ. ಇಗೋ ಬಂದರು..."

ಮಕ್ಕಳು ಎಣಿಸುತ್ತಲೇ ಇದ್ದರು. ಮುಗಿದ ಮೇಲೆ "ಎಷ್ಟು?" ಎಂದು ಕೇಳಿದಾಗ "ಒಂದೂ ಇಲ್ಲ!" ಎಂದು ಕೂಗಿದರು. ಅದೇ ಮುಂದಿನ ಸಂದಿಯ ಮೊದಲ ಸಾಲಾಯಿತು. ಇಂತಹ ಎಳೆಯನ್ನು ಮೊದಲೇ ಬಿಟ್ಟಿರಬೇಕು. ಆದರೆ ಕಲಾವಿದರು ಒಮ್ಮೆ ತಪ್ಪಿದ್ದರೆ ಏನು ಹೇಳುವುದೆಂಬುದನ್ನೂ ಯೋಚಿಸಿಟ್ಟಿರಬೇಕು. "ಸಾವಿರ ಸಲಕ್ಕೆ ಒಂದು ಅಂತ ಲೆಕ್ಕ ಬರ್ಕೊಳ್ಳಿ" ಎಂಬ ಸಾಲು ನಮ್ಮ ಕಾಗದದ ಹಿಂಬದಿಯಲ್ಲಿತ್ತು.

ತಮಟೆಯವರನ್ನು ಕರೆಯುವಾಗ ಮಾನ್ಯ ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. ಅತಿಥಿಗಳನ್ನು "ಮಾನ್ಯರು ದಯಮಾಡಿಸಬೇಕು" ಎಂದು ಕರೆದ ಅದೇ ಬಾಯಿ ತಮಟೆಯ ಕಲಾವಿದರನ್ನು "ಎಲ್ಲಪ್ಪಾ, ತಮಟೆಯವರು, ಬೇಗ ಬನ್ರೋ" ಎನ್ನುವುದನ್ನು ನಾನು ಒಂದಕ್ಕಿಂತ ಹೆಚ್ಚು ಊರುಗಳಲ್ಲಿ ಕೇಳಿದ್ದೇನೆ. ಜಾತಿಯ ಹೆಸರಿನಿಂದಲೋ ಹಳೆಯ ಚಾಕರಿಯ ಹೆಸರಿನಿಂದಲೋ ಪರಿಚಯಿಸುವವರೂ ಉಂಟು. ಹೇಳುವವರಿಗೆ ಅದು ಸಲಿಗೆಯಾಗಿ ತೋರಬಹುದು. ಸಾವಿರ ಜನರ ಮುಂದೆ ಕೇಳಿಸಿಕೊಳ್ಳುವವರಿಗೆ, ಅವರ ಮಕ್ಕಳಿಗೆ ಅದು ಬೇರೆಯಾಗಿಯೇ ಕೇಳಿಸುತ್ತದೆ. ಬರೆದುಕೊಂಡ ಬರಹವಿದ್ದರೆ ಇದನ್ನು ತಡೆಯಬಹುದು: ಅತಿಥಿಗೆ ಬಳಸಿದ ಬಹುವಚನ, ಅತಿಥಿಗೆ ಬಳಸಿದ ಕ್ರಿಯಾಪದವೇ ಕಲಾವಿದರಿಗೂ ಇರಬೇಕು, ಪರಿಚಯದಲ್ಲಿ ಹೆಸರು, ಊರು, ವಾದ್ಯ ಇಷ್ಟಿರಬೇಕು. ನಮ್ಮ ಕೊನೆಯ ಸಂದು:

"ಮಕ್ಕಳು ಲೆಕ್ಕ ಕೊಟ್ಟಾಯ್ತು, ಒಂದೂ ತಪ್ಪಿಲ್ಲ. ಈಗ ಹಿಂದೆ ಬೆಂಕಿ ಕಾಣ್ತಾ ಇದೆಯಲ್ಲ, ಹೆದರಬೇಡಿ, ತಮಟೆ ಕಾಯ್ತಾ ಇದೆ. ಕಾದ ತಮಟೆ ಕಾಯೋದಿಲ್ಲ, ನಾನೂ ಮಾತು ಬೆಳೆಸೋದಿಲ್ಲ. ದಯವಿಟ್ಟು ನಡುದಾರಿ ಬಿಡಿ, ಪೂಜೆ ನಿಮ್ಮ ನಡುವಿನಿಂದಲೇ ಬರುತ್ತೆ. ದಯಮಾಡಿಸಬೇಕು..."

ಇದಾದ ಮೇಲೆ ಹೆಸರುಗಳು. ಓದಲು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಎಲ್ಲ ಸಂದುಗಳೂ ಎರಡು ನಿಮಿಷವಾಗಿರಲೇಬೇಕೆಂದೇನೂ ಇಲ್ಲ. ಇಲ್ಲಿ ಉಳಿಸಿದ್ದು ಸೋಬಾನೆಯ ಜಮಖಾನಕ್ಕೆ ಖರ್ಚಾಗಿರುತ್ತದೆ. ಬರೆದುದನ್ನು ವೇದಿಕೆಯಲ್ಲಿ ಮಾತನಾಡುವ ನಿಧಾನದಲ್ಲಿ ಗಟ್ಟಿಯಾಗಿ ಓದಿ, ಗಡಿಯಾರ ನೋಡಿ, ಅಂಚಿನಲ್ಲಿ ಸಮಯ ಬರೆದುಕೊಳ್ಳಬೇಕು. ಮನಸ್ಸಿನಲ್ಲೇ ಓದಿದ ಅಳತೆ ಯಾವಾಗಲೂ ಮೋಸಮಾಡುತ್ತದೆ.

ಹೆಸರುಗಳನ್ನು ಸಂಗ್ರಹಿಸುವ ಕೆಲಸವನ್ನು ಕನಿಷ್ಠ ಎರಡು ದಿನ ಮೊದಲು ಮುಗಿಸತಕ್ಕದ್ದು. ದೂರವಾಣಿಯಲ್ಲಿ ಕೇಳಿ ಬರೆದುಕೊಂಡ ಹೆಸರನ್ನು ತಂಡದವರಿಗೇ ಓದಿ ಹೇಳಿ ಸರಿಪಡಿಸಿಕೊಳ್ಳಬೇಕು. ಅದೇ ವೇಳೆ ಅವರಿಂದ ತಿಳಿಯಬೇಕಾದ ಇನ್ನೊಂದು ವಿಷಯ: ಸಮಯ ಕಡಿಮೆಯಾದರೆ ಎಲ್ಲಿ ನಿಲ್ಲಿಸಬಹುದು? ಕಥೆ ಹಾಡುವವರನ್ನು ನಡುವೆ ತಡೆಯುವುದು ಅವಮಾನ. ಆದರೆ ಯಾವ ಸಾಲಿನ ಬಳಿಕ ಮಂಗಳಕ್ಕೆ ಹೋಗಬಹುದೆಂಬುದು ಮೇಳದ ಹಿರಿಯರಿಗೆ ಗೊತ್ತಿರುತ್ತದೆ. ನಿರೂಪಕರು ವೇದಿಕೆಯ ಯಾವ ಮೂಲೆಯಲ್ಲಿ ಬಂದು ನಿಂತರೆ ಐದು ನಿಮಿಷ ಉಳಿದಿದೆಯೆಂದು ಅರ್ಥ ಎಂಬುದನ್ನು ಅವರೊಂದಿಗೆ ಮೊದಲೇ ಮಾತಾಡಿಕೊಂಡರೆ ಚೀಟಿ ಕಳಿಸುವ, ಕೈಸನ್ನೆ ಮಾಡುವ ಪ್ರಸಂಗ ಬರುವುದಿಲ್ಲ.

ಪ್ರದರ್ಶನ ನಡೆಯುತ್ತಿರುವಾಗ ನಿರೂಪಕರ ಕೈಗೆ ಚೀಟಿಗಳು ಬರುತ್ತಲೇ ಇರುತ್ತವೆ: ಇಂತಹವರು ಆಗಮಿಸಿದ್ದಾರೆ, ಇಂತಹವರು ಕಲಾವಿದರಿಗೆ ಐನೂರು ರೂಪಾಯಿ ಕಾಣಿಕೆ ನೀಡಿದ್ದಾರೆ, ಊಟ ಸಿದ್ಧವಾಗಿದೆ. ಇವೆಲ್ಲವನ್ನೂ ಮುಂದಿನ ಸಂದಿಗೆ ಇಟ್ಟುಕೊಳ್ಳಬೇಕು. ಊಟದ ಚೀಟಿಯನ್ನಂತೂ ಕೊನೆಯ ತಂಡದ ಬಳಿಕವೇ ಓದಬೇಕು. ಇಲ್ಲವಾದರೆ ಸಭೆ ಅರ್ಧ ಖಾಲಿಯಾಗುವುದು ಖಚಿತ. ಮಗು ಕಾಣೆಯಾಗಿದೆ, ಆಂಬುಲೆನ್ಸ್ ದಾರಿಗೆ ವಾಹನ ಅಡ್ಡವಾಗಿದೆ ಎಂಬ ಎರಡು ಚೀಟಿಗಳಿಗೆ ಮಾತ್ರ ಹಾಡನ್ನು ನಿಲ್ಲಿಸಬಹುದು. ವಿದ್ಯುತ್ ಹೋದರೆ ನಿಲ್ಲಿಸುವ ಅಗತ್ಯವೇ ಇಲ್ಲ. ತಮಟೆ, ಕಂಸಾಳೆಗಳು ವಿದ್ಯುತ್ತಿಗಿಂತ ಹಳೆಯವು. ಬೆಳಕಿನ ಏರ್ಪಾಡನ್ನು ಮಾತ್ರ ನೋಡಿಕೊಂಡರೆ ಸಾಕು.

ಇವೆಲ್ಲಕ್ಕೂ ಪಂಚಾಯಿತಿಯ ಬೆಂಬಲವಿಲ್ಲದೆ ನಿರೂಪಕರೊಬ್ಬರಿಂದ ಏನೂ ಆಗದು. ಇಪ್ಪತ್ತು ವರ್ಷದ ವಿದ್ಯಾರ್ಥಿನಿಯೊಬ್ಬಳು ಅತಿಥಿಯ ಭಾಷಣವನ್ನು ಹೇಗೆ ಮೊಟಕುಗೊಳಿಸಿಯಾಳು? ಆದುದರಿಂದ ಸಮಯದ ಪಟ್ಟಿಯನ್ನು ಸಭೆಯಲ್ಲಿಟ್ಟು ಅಧ್ಯಕ್ಷರು ಸಹಿ ಮಾಡುವುದು, ಅದರ ಪ್ರತಿಯನ್ನು ಅತಿಥಿಗಳಿಗೆ ಆಹ್ವಾನದೊಂದಿಗೇ ತಲುಪಿಸುವುದು, ಭಾಷಣ ಮೀರಿದಾಗ ಹತ್ತಿರ ಹೋಗಿ ವಿನಂತಿಸುವ ಹೊಣೆಯನ್ನು ಸದಸ್ಯರೊಬ್ಬರು ವಹಿಸಿಕೊಳ್ಳುವುದು ಅವಶ್ಯಕ. ಕಾರ್ಯಕ್ರಮಗಳ ಕ್ರಮವನ್ನು ನಿರ್ಧರಿಸುವಾಗ ಮೆಲುದನಿಯ ಕಲೆಗಳನ್ನು ಮುಂದಕ್ಕೂ ಅಬ್ಬರದ ಕಲೆಗಳನ್ನು ಕೊನೆಗೂ ಇಡುವುದು ಸೂಕ್ತ. ಸಮಯ ಕಡಿಮೆಯಾದರೂ ತಮಟೆ ಹದಿನೈದೇ ನಿಮಿಷದಲ್ಲಿ ತನ್ನ ಕೆಲಸ ಮಾಡಿ ಮುಗಿಸಬಲ್ಲದು, ಧ್ವನಿವರ್ಧಕ ಕೈಕೊಟ್ಟರೂ ಕೇಳಿಸಬಲ್ಲದು. ಏಕತಾರಿಗೆ ಆ ಬಲವಿಲ್ಲ.

ಮೇಲಿನ ಮಾದರಿ ಪಟ್ಟಿಯಲ್ಲಿ ತತ್ವಪದವು ಆರನೆಯ ಸ್ಥಾನಕ್ಕೆ, ಎಂಟೂಕಾಲರ ಆಸುಪಾಸಿಗೆ ಬಂದಿರುವುದು ಅದರಿಂದಲೇ. ಆ ಸಂಜೆ ಹಾಡಲು ಬಂದವರಲ್ಲಿ ನಾನು ಹಿಂದೊಮ್ಮೆ ಕಾಯಿಸಿ ಕಳಿಸಿದ್ದ ಹಿರಿಯರಲ್ಲಿ ಇಬ್ಬರಿದ್ದರು. ಏಕತಾರಿಯೂ ಅದೇ. ಮೂರನೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು.